ಫಾರಂ ಅಳಿಸುವ ಪಜೀತಿ

ಗಣೇಶನನ್ನು ನೀರಿಗೆ ಬಿಟ್ಟಾಯಿತು, ದೀಪಾವಳಿಯ ಪಟಾಕಿ ಕಸವನ್ನೂ ಗುಡಿಸಿಯಾಯಿತು. ನಮ್ಮ ಅಪಾರ್ಟ್‌ಮೆಂಟಿನ ಗಣೇಶ ಹಬ್ಬದ ಗೂಗಲ್ ಫಾರಂ ಮಾತ್ರ ಇನ್ನೂ ಮುಳುಗಿಲ್ಲ. ನಿನ್ನೆ ರಾತ್ರಿ ಅಡುಗೆಮನೆ ಕೆಲಸ ಮುಗಿಸಿ ಕೂತರೆ ಫೋನ್ ಟಿಣ್ ಅಂದಿತು. ಹೊಸ ಉತ್ತರ ಬಂದಿದೆಯಂತೆ. ಯಾರೋ ಮಹಾನುಭಾವರು ಹಬ್ಬದ ಊಟಕ್ಕೆ ನಾಲ್ಕು ಜನ ಬರುತ್ತೇವೆ ಅಂತ ತುಂಬಿದ್ದಾರೆ. ಈರುಳ್ಳಿ, ಬೆಳ್ಳುಳ್ಳಿ ಬೇಡ ಅಂತ ಟಿಕ್ ಬೇರೆ ಹಾಕಿದ್ದಾರೆ. ಬನ್ನಿ ಸ್ವಾಮಿ, ಎಲೆ ಹಾಕಿ ಕಾಯ್ತಾ ಇದೀವಿ.

ಈ ಫಾರಮ್ಮಿಗೆ ಒಂದು ಗತಿ ಕಾಣಿಸಲೇಬೇಕು ಅಂತ ಆಗಲೇ ತೀರ್ಮಾನ ಮಾಡಿದೆ. ನಮ್ಮೆಲ್ಲರ ಗೂಗಲ್ ಡ್ರೈವ್‌ನಲ್ಲೂ ಇಂಥವು ಬಿದ್ದಿರುತ್ತವೆ, ಅಲ್ವಾ? ಟ್ರಿಪ್ಪಿಗೆ ಯಾರು ಬರ್ತೀರಿ, ಟೀ ಶರ್ಟ್ ಸೈಜ್ ಎಷ್ಟು, ನೀರಿನ ಟ್ಯಾಂಕರ್ ಬೇಕಾ ಬೇಡ್ವಾ. ಕೆಲಸ ಮುಗಿದಿರುತ್ತದೆ. ಜನರ ಹೆಸರು, ಮನೆ ನಂಬರ್, ಫೋನ್ ನಂಬರ್ ಮಾತ್ರ ಅಲ್ಲೇ ಕೂತಿರುತ್ತವೆ. ಅಳಿಸುವುದಕ್ಕೆ ಒಂದು ಗುಂಡಿ ಒತ್ತಿದರೆ ಸಾಕು ಅಂತ ತಿಳಿದಿದ್ದರೆ, ನೀವು ನಮ್ಮ ಖಜಾಂಚಿಗಳನ್ನು ನೋಡಿಲ್ಲ ಅಂತ ಅರ್ಥ.

ಖಜಾಂಚಿಗಳು ಒಳ್ಳೆಯವರು. ನಿವೃತ್ತರು, ಒಂದು ರೂಪಾಯಿ ಆಚೀಚೆ ಆಗಲು ಬಿಡದವರು. ಆದರೆ ಯಾವುದನ್ನೂ ಬಾಯಿ ಮಾತಲ್ಲಿ ನಂಬುವುದಿಲ್ಲ. ಫಾರಂ ಕೆಲಸ ಮಾಡುತ್ತಿದೆಯಾ ಅಂತ ತಿಳಿಯಲು ಅವರಿಗೆ ಒಂದೇ ದಾರಿ, ಫಾರಂ ತುಂಬಿ ನೋಡುವುದು. ಬೆಳಗ್ಗೆ ವಾಕಿಂಗ್ ಮುಗಿಸಿ ಬಂದು ಒಮ್ಮೆ ತುಂಬುತ್ತಾರೆ. ಕರೆಂಟ್ ಹೋಗಿ ಬಂದರೆ ತುಂಬುತ್ತಾರೆ. ಹೆಸರಿನ ಜಾಗದಲ್ಲಿ ‘ಟೆಸ್ಟ್’, ‘ಟೆಸ್ಟ್ 2’, ಒಮ್ಮೊಮ್ಮೆ ಬರೀ ‘ಅಆಇಈ’. ಊಟಕ್ಕೆ 99 ಜನ. ದೇಣಿಗೆ ಒಂದು ಲಕ್ಷ. ಹಣ ಕಟ್ಟಿದ ಸ್ಕ್ರೀನ್‌ಶಾಟ್ ಹಾಕುವುದು ಕಡ್ಡಾಯ ಅಂತ ನಾವೇ ಇಟ್ಟಿದ್ದೆವಲ್ಲ, ಅದಕ್ಕೆ ಫೋನಿನಲ್ಲಿ ಕೈಗೆ ಸಿಕ್ಕ ಶುಭೋದಯದ ಗುಲಾಬಿ ಹೂವನ್ನು ಹಾಕುತ್ತಾರೆ. ಹಬ್ಬದ ಹಿಂದಿನ ದಿನ ಅಡುಗೆಯವರು ಒಟ್ಟು ಎಷ್ಟು ಜನ ಅಂತ ಕೇಳಿದಾಗ ಶೀಟ್ ನೋಡಿ ನನಗೆ ಎದೆ ಧಸಕ್ ಅಂದಿತ್ತು. ಅರ್ಧ ಬೆಂಗಳೂರು ನಮ್ಮ ಬೇಸ್‌ಮೆಂಟಿಗೆ ಊಟಕ್ಕೆ ಬರುವಂತಿತ್ತು.

‘ಆ ಟೆಸ್ಟ್ ಎಲ್ಲ ನಾನೇ ತೆಗೆದುಬಿಟ್ಟೆನಮ್ಮಾ’ ಅಂದರು ಅವರು. ತೆಗೆದಿದ್ದರು ನಿಜ. ಆದರೆ ಶೀಟ್‌ನಲ್ಲಿ.

ಇಲ್ಲೇ ಇರುವುದು ಗಮ್ಮತ್ತು. ಗೂಗಲ್ ಫಾರಮ್ಮಿನ ಉತ್ತರಗಳು ಫಾರಮ್ಮಿನ ಒಳಗೇ ಇರುತ್ತವೆ. ಅದಕ್ಕೆ ಜೋಡಿಸಿದ ಶೀಟ್‌ಗೆ ಬರುವುದು ಒಂದು ನಕಲು ಅಷ್ಟೇ. ಶೀಟ್‌ನಲ್ಲಿ ಸಾಲು ಅಳಿಸಿದರೆ ಫಾರಮ್ಮಿಗೆ ಗೊತ್ತೇ ಆಗುವುದಿಲ್ಲ. ಫಾರಮ್ಮಿನಲ್ಲಿ ಅಳಿಸಿದರೆ ಶೀಟ್ ತನ್ನ ಪಾಡಿಗೆ ತಾನಿರುತ್ತದೆ. ಹೀಗಾಗಿ ಫಾರಂ 143 ಉತ್ತರ ಅಂತಿತ್ತು, ಶೀಟ್‌ನಲ್ಲಿ ಇದ್ದದ್ದು 131 ಸಾಲು. ಫಾರಮ್ಮಿನಿಂದ ನೇರವಾಗಿ ಸಿಎಸ್‌ವಿ ಅನ್ನುವ ಪಟ್ಟಿಯ ಫೈಲನ್ನು ಇಳಿಸಿಕೊಂಡಿದ್ದರೆ ಖಜಾಂಚಿಗಳ ಲಕ್ಷ ಲಕ್ಷ ದೇಣಿಗೆ ಲೆಕ್ಕಕ್ಕೆ ವಾಪಸ್ ಬರುತ್ತಿತ್ತು. ಹಾಗಂತ ಶೀಟನ್ನೇ ನಂಬುವ ಹಾಗೂ ಇರಲಿಲ್ಲ. ವ್ಯತ್ಯಾಸದ ಹನ್ನೆರಡನ್ನು ಒಂದೊಂದಾಗಿ ನೋಡಿದೆ. ಹನ್ನೊಂದು ಅವರ ಟೆಸ್ಟ್. ಹನ್ನೆರಡನೆಯದು ಮೇಲಿನ ಮಹಡಿಯ ಬ್ಯಾಚುಲರ್ ಹುಡುಗನದು. ಪಾಪ, ಹೆಸರಿನ ಜಾಗದಲ್ಲಿ ಬರೀ ‘ವಿ’ ಅಂತ ಬರೆದಿದ್ದ. ಅವನ ಎರಡು ಸಾವಿರ ರೂಪಾಯಿ ಟೆಸ್ಟ್ ಜೊತೆ ಹಾರಿಹೋಗಿತ್ತು. ಅಳಿಸುವ ಮೊದಲು ಎರಡೂ ಕಡೆಯ ಲೆಕ್ಕ ತಾಳೆ ನೋಡಬೇಕು ಅನ್ನುವುದು ಇದಕ್ಕೇ.

ತಾಳೆ ನೋಡುವಾಗ ಫಾರಂ ಮುಚ್ಚಿರಬೇಕು. ಇಲ್ಲದಿದ್ದರೆ ನೀವು ಎಣಿಸುತ್ತಿದ್ದಂತೆ ಇನ್ನೊಂದು ಬರುತ್ತದೆ. Accepting responses ಅನ್ನುವುದನ್ನು ಆಫ್ ಮಾಡಿದೆ. ಮಧ್ಯಾಹ್ನದ ಹೊತ್ತಿಗೆ 144 ಆಗಿತ್ತು. ಖಜಾಂಚಿಗಳೂ ಫಾರಮ್ಮಿಗೆ ಎಡಿಟರ್. ‘ಯಾಕೋ ಆಫ್ ಆಗಿಬಿಟ್ಟಿತ್ತು, ಆನ್ ಮಾಡಿ ಒಂದು ಟೆಸ್ಟ್ ಹಾಕಿ ನೋಡಿದೆ, ಈಗ ಸರಿ ಇದೆ’ ಅಂತ ವಾಟ್ಸಾಪ್‌ನಲ್ಲಿ ಕೈ ಮುಗಿದ ಚಿತ್ರದ ಜೊತೆ ಮೆಸೇಜ್. ಎಡಿಟರ್ ಪಟ್ಟಿಯಿಂದ ಅವರ ಹೆಸರು ತೆಗೆದೆ. ‘ನನ್ನಿಂದ ಏನು ತಪ್ಪಾಯಿತಮ್ಮಾ?’ ಅಂತ ಮನೆ ಬಾಗಿಲಿಗೇ ಬಂದರು. ಕಾಫಿ ಕೊಟ್ಟು, ಸಮಾಧಾನ ಹೇಳಿ ಕಳಿಸಿದೆ. ಪಟ್ಟಿಗೆ ಮಾತ್ರ ಮತ್ತೆ ಸೇರಿಸಲಿಲ್ಲ.

ಇನ್ನು ಉಳಿಸಬೇಕಾದದ್ದು ಏನು? ಆಡಿಟ್‌ಗೆ ಬೇಕಿರುವುದು ಮನೆ ನಂಬರ್, ಹೆಸರು, ಮೊತ್ತ, ಯುಪಿಐನ 12 ಅಂಕಿಯ ರೆಫರೆನ್ಸ್ ನಂಬರ್. ಅಷ್ಟೇ. ಯಾರ ಮನೆಯಲ್ಲಿ ಬೆಳ್ಳುಳ್ಳಿ ತಿನ್ನುತ್ತಾರೆ ಅನ್ನುವುದು ಆಡಿಟರ್‌ಗೆ ಯಾಕೆ?

ಖಜಾಂಚಿಗಳು ಆ ಹೊತ್ತಿಗಾಗಲೇ ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ತೆರೆದು ಗಾಬರಿಯಾಗಿದ್ದರು. ರಮೇಶ ಅನ್ನುವ ಹೆಸರು à²°à²®à³‡à²¶ ಆಗಿತ್ತು. ‘ವೈರಸ್ ಬಂದಿದೆ’ ಅಂದರು. ವೈರಸ್ ಅಲ್ಲ. ಕನ್ನಡ ಅಕ್ಷರ ಯುಟಿಎಫ್-8 ಅನ್ನುವ ಸಂಕೇತದಲ್ಲಿ ಇರುತ್ತದೆ, ಡಬಲ್ ಕ್ಲಿಕ್ ಮಾಡಿ ತೆರೆದರೆ ಎಕ್ಸೆಲ್ ಅದನ್ನು ಬೇರೇನೋ ಅಂತ ಓದಿಕೊಳ್ಳುತ್ತದೆ. Data ಮೆನುವಿನ From Text/CSV ಮೂಲಕ ತೆರೆದು 65001: Unicode (UTF-8) ಅಂತ ಆರಿಸಿದರೆ ರಮೇಶ ಮನುಷ್ಯನಾಗುತ್ತಾನೆ.

ಅದಕ್ಕಿಂತ ಕೆಟ್ಟದ್ದು ಆ 12 ಅಂಕಿಯದು. ಎಕ್ಸೆಲ್ ಅದನ್ನು 4.12E+11 ಅಂತ ಚುಟುಕು ಮಾಡಿ ತೋರಿಸುತ್ತದೆ. ತೋರಿಸುವುದಷ್ಟೇ ಆದರೆ ಚಿಂತೆಯಿಲ್ಲ, ಒಳಗೆ ನಂಬರ್ ಪೂರ್ತಿ ಇರುತ್ತದೆ. ಆದರೆ ಅದೇ ಸ್ಥಿತಿಯಲ್ಲಿ ಮತ್ತೆ ಸಿಎಸ್‌ವಿ ಅಂತ ಸೇವ್ ಮಾಡಿದಿರೋ, ಕಣ್ಣಿಗೆ ಕಂಡದ್ದೇ ಫೈಲಿಗೆ ಹೋಗುತ್ತದೆ. ಉಳಿದ ಅಂಕಿಗಳು ಖಾಯಂ ಆಗಿ ಮಾಯ. ಫಾರಮ್ಮನ್ನೂ ಅಳಿಸಿಬಿಟ್ಟಿದ್ದರೆ ಇನ್ನು ಕೇಳುವುದು ಯಾರನ್ನು? ಅದಕ್ಕೆ ನಾನು ಗೂಗಲ್ ಶೀಟ್‌ನಲ್ಲೇ ಆ ಕಾಲಂಗೆ Plain text ಅಂತ ಕೊಟ್ಟು, ಎಕ್ಸೆಲ್ ಫೈಲಾಗಿ ಇಳಿಸಿಕೊಂಡೆ. ತೆರೆದು, ಮೇಲಿನ, ಕೆಳಗಿನ, ನಡುವಿನ ಕೆಲವು ಸಾಲು ಮೂಲದ ಜೊತೆ ಹೋಲಿಸಿದೆ. ಮೊತ್ತದ ಕಾಲಂ ಕೂಡಿ ಬ್ಯಾಂಕಿನ ಜೊತೆ ನೋಡಿದೆ. ‘ವಿ’ಯ ಎರಡು ಸಾವಿರವೂ ಸೇರಿ ಸರಿ ಬಂತು.

ಬೇಕಾದ ಕಾಲಂಗಳನ್ನು ಹೊಸ ಶೀಟ್‌ಗೆ ಬರೀ ಮೌಲ್ಯಗಳಾಗಿ ಅಂಟಿಸಿದೆ. ಹಳೆಯದರಲ್ಲೇ ಫೋನ್ ನಂಬರ್ ಕಾಲಂ ಅಳಿಸಿ ಕೊಟ್ಟರೆ ಆಗದಾ ಅಂದರೆ, ಆಗದು. ಹಳೆಯ ರೂಪವೆಲ್ಲ Version history ಒಳಗೆ ಕೂತಿರುತ್ತದೆ, ಎಡಿಟ್ ಮಾಡಬಲ್ಲವರು ಯಾರು ಬೇಕಾದರೂ ತೆಗೆದು ನೋಡಬಹುದು. ಪೂರ್ತಿ ಶೀಟಿಗೆ Make a copy ಕೊಡುವುದೂ ಬೇಡ. ಅದನ್ನು ಖಜಾಂಚಿಗಳು ಎಡಿಟರ್ ಆಗಿದ್ದಾಗಲೇ ಮಾಡಿ ನೋಡಿದ್ದರು. ಶೀಟ್ ಜೊತೆ ಜೋಡಿಸಿದ ಫಾರಮ್ಮಿನದೂ ಇನ್ನೊಂದು ನಕಲು ಹುಟ್ಟುತ್ತದೆ. ಹುಟ್ಟಿದ ಎರಡನೇ ಫಾರಂ ಅವರ ಡ್ರೈವ್‌ನಲ್ಲಿ ತಣ್ಣಗೆ ಕೂತಿತ್ತು. ಅದಕ್ಕೂ ಒಂದು ಟೆಸ್ಟ್ ಹಾಕಿದ್ದರು ಅಂತ ಬೇರೆ ಹೇಳಬೇಕಾ?

ಕಾಲಂಗಳನ್ನು ನೋಡುತ್ತಾ ಬಲಕ್ಕೆ ಹೋದಾಗ ಕೊನೆಯದು ಸಿಕ್ಕಿತು. ‘ಬೇರೇನಾದರೂ ಹೇಳುವುದಿದೆಯೇ?’ ಸ್ಕ್ರೀನ್‌ಶಾಟ್‌ಗಳ ಉದ್ದುದ್ದ ಲಿಂಕ್ ದಾಟಿ ಅಲ್ಲಿಯವರೆಗೆ ಯಾರೂ ಹೋಗಿರಲಿಲ್ಲ ಅಂತ ಕಾಣುತ್ತದೆ. ಬಹಳ ಜನ ಖಾಲಿ ಬಿಟ್ಟಿದ್ದರು. ಇಬ್ಬರು ಪಾರ್ಕಿಂಗ್ ಬಗ್ಗೆ ಬೈದಿದ್ದರು. ಎರಡನೇ ಮಹಡಿಯ ಅಜ್ಜಿಯ ಮನೆಯ ಸಾಲಿನಲ್ಲಿ, ‘ನನಗೆ ದೇವರನಾಮಗಳು ಬರುತ್ತವೆ. ಕೇಳಿದರೆ ಹಾಡುತ್ತೇನೆ’ ಅಂತಿತ್ತು. ಹಬ್ಬದ ಮೂರೂ ದಿನ ನಾವು ಸ್ಪೀಕರ್‌ನಲ್ಲಿ ಕಿವಿ ಕಿತ್ತುಹೋಗುವ ಹಾಗೆ ಹಾಡು ಹಾಕಿದ್ದೆವು. ಅಜ್ಜಿ ಮುಂದಿನ ಸಾಲಿನಲ್ಲೇ ಕೂತಿದ್ದರು, ನನಗೆ ನೆನಪಿದೆ. ಆ ಕಾಲಂ ಲೆಕ್ಕಕ್ಕೆ ಬೇಕಿಲ್ಲ. ಅವರ ಮನೆ ನಂಬರನ್ನು ಅಡುಗೆಮನೆ ಕ್ಯಾಲೆಂಡರಿನ ಜನವರಿ ಹಾಳೆಯಲ್ಲಿ, ಸಂಕ್ರಾಂತಿಯ ಪಕ್ಕ ಬರೆದಿಟ್ಟೆ.

ಆಮೇಲೆ ಸ್ಕ್ರೀನ್‌ಶಾಟ್‌ಗಳು. ಇವು ಫಾರಮ್ಮಿನಲ್ಲೂ ಇರುವುದಿಲ್ಲ, ಶೀಟ್‌ನಲ್ಲೂ ಇರುವುದಿಲ್ಲ. ಫಾರಂ ಯಾರದೋ ಅವರ ಡ್ರೈವ್‌ನಲ್ಲಿ, ಫಾರಮ್ಮಿನ ಹೆಸರಿನ ಮುಂದೆ (File responses) ಅಂತ ಇರುವ ಫೋಲ್ಡರಿನಲ್ಲಿ ತುಂಬಿಕೊಂಡಿರುತ್ತವೆ. ಫಾರಂ ಅಳಿಸಿದರೂ ಇವು ಹೋಗುವುದಿಲ್ಲ. ನನ್ನ ಡ್ರೈವ್ ತುಂಬಿದೆ ಅಂತ ಗೂಗಲ್ ಗೊಣಗುತ್ತಿದ್ದುದಕ್ಕೆ ಇದೂ ಒಂದು ಕಾರಣ. ತೆರೆದು ನೋಡಿದರೆ ಪ್ರತಿ ಚಿತ್ರದ ಹೆಸರಿನ ಕೊನೆಗೂ ಹಾಕಿದವರ ಹೆಸರು. ಸ್ಕ್ರೀನ್‌ಶಾಟ್, ಸ್ಕ್ರೀನ್‌ಶಾಟ್, ಗುಲಾಬಿ. ಸ್ಕ್ರೀನ್‌ಶಾಟ್, ಗುಲಾಬಿ, ಉದಯಿಸುವ ಸೂರ್ಯ, ಗುಲಾಬಿ. ಹೂವು ಬಿಟ್ಟು ಉಳಿದದ್ದನ್ನು ಜಿಪ್ ಮಾಡಿ ಇಳಿಸಿಕೊಂಡೆ.

ಅಳಿಸುವ ಹೊತ್ತಿಗೆ ಸರಿಯಾಗಿ ಸೆಕ್ಯುರಿಟಿಯವನ ಫೋನ್. ‘ಮೇಡಂ, ನೀವು ನಾಲ್ಕು ಜನಾನಾ? ಈರುಳ್ಳಿ ತಿನ್ನಲ್ವಾ?’ ಕೆಳಗೆ ಹೋಗಿ ನೋಡಿದೆ. ಖಜಾಂಚಿಗಳು Print all responses ಕೊಟ್ಟು, ಜೆರಾಕ್ಸ್ ಅಂಗಡಿಯಿಂದ ಒಂದು ಕಟ್ಟು ತಂದಿಟ್ಟಿದ್ದರಂತೆ. ಒಬ್ಬೊಬ್ಬರ ಉತ್ತರಕ್ಕೂ ಇಡೀ ಫಾರಂ ಅಚ್ಚಾಗುತ್ತದೆ, ಟಿಕ್ ಮಾಡದ ಆಯ್ಕೆಗಳೂ ಸೇರಿ. ಇಷ್ಟೊಂದು ಹಾಳೆ, ಒಂದು ಕಡೆ ಖಾಲಿ, ಸುಮ್ನೆ ಬಿಡಲು ಅವರಿಗೆ ಮನಸ್ಸು ಬರಲಿಲ್ಲ. ಅದರ ಹಿಂದೆ ‘ನಾಳೆ ಬೆಳಗ್ಗೆ ನೀರು ಬರುವುದಿಲ್ಲ’ ಅಂತ ಬರೆದು ಸೆಕ್ಯುರಿಟಿ ಗೂಡಿನ ಗಾಜಿಗೆ ಅಂಟಿಸಿದ್ದರು. ಹೊರಗಿನವರಿಗೆ ನೀರಿನ ಸುದ್ದಿ. ಒಳಗೆ ಕೂತವನಿಗೆ ನನ್ನ ಫೋನ್ ನಂಬರ್, ಮನೆ ನಂಬರ್, ಊಟದ ಪಥ್ಯ. ಡ್ರೈವ್‌ನಲ್ಲಿ ಎಷ್ಟು ಅಳಿಸಿದರೂ ಈ ಗಾಜಿನ ಪ್ರತಿ ಹೋಗುವುದಿಲ್ಲ ನೋಡಿ. ಹಾಳೆ ಕಿತ್ತು, ಕಟ್ಟನ್ನೂ ಇಸಿದುಕೊಂಡು ಬಂದು ಹರಿದೆ. ಒಳ್ಳೆಯ ವ್ಯಾಯಾಮ.

ಆಮೇಲೆ ಒಂದೊಂದಾಗಿ ಮುಗಿಸಿದೆ. ಮೊದಲು Delete all responses. ಇದು ಕಸದಬುಟ್ಟಿಗೆ ಹೋಗುವುದಿಲ್ಲ, ಒತ್ತಿದರೆ ಮುಗಿಯಿತು. ಆಮೇಲೆ Unlink form, ಇಲ್ಲದಿದ್ದರೆ ಶೀಟ್‌ನಲ್ಲಿ ಆ ಹಾಳೆಯನ್ನು ತೆಗೆಯಲು ಬಿಡುವುದೇ ಇಲ್ಲ. ಆಮೇಲೆ ಹಳೆಯ ಶೀಟ್, ಗುಲಾಬಿ ಫೋಲ್ಡರ್, ಕೊನೆಗೆ ಫಾರಂ. ಇವು ಮೂರೂ ಡ್ರೈವ್‌ನ ಕಸದಬುಟ್ಟಿಯಲ್ಲಿ 30 ದಿನ ಇರುತ್ತವೆ, ಅಷ್ಟರೊಳಗೆ ಬೇಕಾದರೆ ವಾಪಸ್ ತರಬಹುದು. ಯಾರು ವಾಪಸ್ ತರಿಸುತ್ತಾರೆ ಅಂತ ನನಗೆ ಗೊತ್ತಿತ್ತು. ಬುಟ್ಟಿಯನ್ನೂ ಖಾಲಿ ಮಾಡಿದೆ. ಖಜಾಂಚಿಗಳ ಮನೆಗೆ ಹೋಗಿ ಅವರ ಎರಡನೇ ಫಾರಮ್ಮನ್ನೂ ಕೂತು ತೆಗೆಸಿದೆ.

ಸಂಜೆ ಅವರದೇ ಫೋನ್.

‘ಲಿಂಕ್ ಓಪನ್ ಆಗ್ತಿಲ್ಲಮ್ಮಾ. ಡಿಲೀಟ್ ಆಗಿದೆಯಾ ಅಂತ ಒಂದು ಟೆಸ್ಟ್ ಹಾಕೋಣ ಅಂತ ಹೋದೆ.’

‘ಡಿಲೀಟ್ ಆಗಿದೆ ಸಾರ್. ಅದಕ್ಕೇ ಓಪನ್ ಆಗ್ತಿಲ್ಲ.’

‘ಓ ಸರಿ ಸರಿ.’ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಡಿಲೀಟ್ ಆಗಿದೆ ಅನ್ನೋದಕ್ಕೆ ಏನಾದ್ರೂ ಪ್ರಿಂಟ್ ಬರುತ್ತೇನಮ್ಮಾ? ಫೈಲಿಗೆ ಹಾಕ್ಕೊಳ್ತಿದ್ದೆ.’