ಧನ ಹೋಗಿ ದನ ಬಂತು

ನಾನು ಉಡುಪಿಯ ಒಂದು ಕಾಲೇಜಿನಲ್ಲಿ ಕಾಮರ್ಸ್ ಮೇಷ್ಟ್ರು. ಹೋದ ಮೇ ತಿಂಗಳಲ್ಲಿ ಊರಿನವರಿಗಾಗಿ ಉಳಿತಾಯದ ಬಗ್ಗೆ ಒಂದು ಉಪನ್ಯಾಸ ಕೊಟ್ಟೆ. ವಿಷಯ 'ಮನೆಯ ಧನ ನಿರ್ವಹಣೆ'. ಸ್ಲೈಡುಗಳನ್ನು ಎರಡು ರಾತ್ರಿ ಕೂತು ಮಾಡಿದ್ದೆ. ಕಡು ಹಸಿರು ಹಿನ್ನೆಲೆ, ಮೇಲೆ ಚಿನ್ನದ ಬಣ್ಣದ ಅಕ್ಷರ. ಲ್ಯಾಪ್‌ಟಾಪಿನಲ್ಲಿ ನೋಡಿದರೆ ಬ್ರಹ್ಮಕಲಶದ ಆಮಂತ್ರಣ ಪತ್ರಿಕೆಯಷ್ಟು ಚಂದ ಇತ್ತು.

ಅರ್ಧ ಗಂಟೆ ಮಾತಾಡಿದೆ. ಪ್ರಶ್ನೆ ಕೇಳಿ ಎಂದಾಗ ಕೊನೆಯ ಬೆಂಚಿನಿಂದ ಒಬ್ಬರು ಹಿರಿಯರು ಎದ್ದರು.

"ಮಾಷ್ಟ್ರೆ, ಎಲ್ಲ ಸರಿ. ಆದ್ರೆ ಹಿಂಡಿಯ ರೇಟಿನ ಬಗ್ಗೆ ನೀವು ಎಂತದೂ ಹೇಳ್ಲಿಲ್ಲ."

"ಹಿಂಡಿ ಯಾಕೆ?"

"ಮತ್ತೆ ದನ ನಿರ್ವಹಣೆ ಅಂತ ಬರ್ದಿದ್ದೀರಿ ಅಲ್ವಾ?"

ಸಭೆ ನಕ್ಕಿತು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ಆಮೇಲೆ ಅವರ ಬೆಂಚಿಗೇ ಹೋಗಿ ಕೂತು ಪರದೆ ನೋಡಿದೆ. ಅಲ್ಲಿ ಧನ ಇರಲಿಲ್ಲ, ದನವೇ ಇತ್ತು. ಅದರ ಕೆಳಗಿನ ಸಾಲುಗಳಲ್ಲಿ ಇರುವೆ ಹರಿದ ಹಾಗೆ ಏನೋ ಇತ್ತು. ಹಿನ್ನೆಲೆಯ ಹಸಿರು ಪಾಚಿ ಕಟ್ಟಿದ ಗೋಡೆಯಂತೆ, ಚಿನ್ನ ಹಳಸಿದ ಸಾಸಿವೆಯಂತೆ ಕಂಡಿತು.

ಮೊದಲು ಪ್ರೊಜೆಕ್ಟರಿಗೆ ಬೈದೆ. ನಮ್ಮ ಹಾಲಿನ ಅಟೆಂಡರ್ ಅದಕ್ಕೆ ಒಪ್ಪಲಿಲ್ಲ. "ಅದ್ರ ಲ್ಯಾಂಪಿಗೆ ವಯಸ್ಸಾಗಿದೆ ಸರ್. ಎರಡು ಸಾವಿರ ಲ್ಯೂಮೆನ್ ಅಂತ ಬರ್ದದ್ದು ಹೊಸತಿದ್ದಾಗ. ಲ್ಯಾಂಪಿನ ಆಯುಷ್ಯ ಮುಗೀತು ಅಂದ್ರೆ ಆರಿ ಹೋಯ್ತು ಅಂತ ಅಲ್ಲ, ಅರ್ಧ ಬೆಳಕು ಹೋಯ್ತು ಅಂತ." ಅವರು ಹೇಳಿದ್ದು ನಿಜ. ಈ ಲ್ಯಾಂಪುಗಳ ಆಯುಷ್ಯವನ್ನು ಬೆಳಕು ಅರ್ಧಕ್ಕೆ ಇಳಿಯುವವರೆಗಿನ ಗಂಟೆಗಳಲ್ಲಿ ಲೆಕ್ಕ ಹಾಕುತ್ತಾರೆ. ನಮ್ಮದು ಆ ಗಂಟೆಗಳನ್ನು ಯಾವಾಗಲೋ ದಾಟಿತ್ತು. ಸಾಲದ್ದಕ್ಕೆ ಲ್ಯಾಂಪ್ ಉಳಿಸಲಿಕ್ಕೆಂದು ಯಾರೋ ಇಕೋ ಮೋಡಿನಲ್ಲಿ ಇಟ್ಟಿದ್ದರು. ಯಾರು ಅಂತ ಕೇಳಿದ್ದಕ್ಕೆ ಅಟೆಂಡರ್ ಫ್ಯಾನ್ ನೋಡಿದರು. ಅದನ್ನು ನಾರ್ಮಲ್ಲಿಗೆ ಹಾಕಿದೆವು.

ಮರುದಿನ ಫೋನಿನಲ್ಲಿ, ಬೀಳುವ ಬೆಳಕನ್ನು ಲಕ್ಸ್ ಲೆಕ್ಕದಲ್ಲಿ ಅಳೆಯುವ ಆ್ಯಪ್ ಹಾಕಿಕೊಂಡು ಪರದೆಯ ಮುಂದೆ ನಿಂತೆ, ಫೋನಿನ ಮುಖ ಪ್ರೊಜೆಕ್ಟರಿನ ಕಡೆಗೆ. ಪೂರ್ತಿ ಬಿಳಿ ಸ್ಲೈಡಿಗೆ 340 ತೋರಿಸಿತು. ಪೂರ್ತಿ ಕಪ್ಪು ಸ್ಲೈಡಿಗೆ 150. ಕಪ್ಪಿಗೆ ನೂರೈವತ್ತು! ಅಲ್ಲೇ ನನ್ನ ತಪ್ಪು ತಿಳಿಯಿತು. ಪ್ರೊಜೆಕ್ಟರ್ ಕಪ್ಪನ್ನು ಎಸೆಯುವುದಿಲ್ಲ, ಸುಮ್ನೆ ಬೆಳಕು ಎಸೆಯದೆ ಬಿಡುತ್ತದೆ ಅಷ್ಟೆ. ಆ ಜಾಗದಲ್ಲಿ ಕಾಣುವುದು ಕಿಟಕಿಯ ಬಿಸಿಲು ಮತ್ತು ಟ್ಯೂಬ್‌ಲೈಟು ಬಿದ್ದ ಬರೀ ಪರದೆ. ಹಾಲಿನ ಬೆಳಕು ಕಪ್ಪಿಗೂ ಸೇರುತ್ತದೆ, ಬಿಳಿಗೂ ಸೇರುತ್ತದೆ. ಹಾಗಾಗಿ ಬಿಳಿ ಕಪ್ಪಿಗಿಂತ ಎರಡೂಕಾಲು ಪಟ್ಟು ಮಾತ್ರ ಬೆಳಗಿತ್ತು. ಮುದ್ರಿಸಿದ ಪುಸ್ತಕದಲ್ಲಿ ಅದು ಹತ್ತು ಪಟ್ಟಿಗೂ ಜಾಸ್ತಿ.

ಇನ್ನು ನನ್ನ ಚಿನ್ನ ಮತ್ತು ಹಸಿರು. ಹಸಿರಿಗೆ 160, ಹಳದಿಗೆ 230. ಒಂದೂವರೆ ಪಟ್ಟೂ ಇಲ್ಲ. ನಮ್ಮ ಪ್ರೊಜೆಕ್ಟರಿನೊಳಗೆ ಒಂದು ಬಣ್ಣದ ಚಕ್ರ ತಿರುಗುತ್ತದೆ. ಕೆಂಪು, ಹಸಿರು, ನೀಲಿಯ ಜೊತೆ ಬಣ್ಣವೇ ಇಲ್ಲದ ಒಂದು ತುಂಡೂ ಅದರಲ್ಲಿದೆ. ಬಿಳಿ ತೋರಿಸುವಾಗ ಆ ತುಂಡಿನ ಬೆಳಕೂ ಸೇರಿ ಪರದೆ ಬೆಳಗುತ್ತದೆ. ಹಳದಿಗೆ ಆ ಭಾಗ್ಯ ಇಲ್ಲ. ಅದಕ್ಕೇ ಚಿನ್ನ ಸಾಸಿವೆಯಾದದ್ದು.

ಪರಿಹಾರಕ್ಕೆ ಖರ್ಚೇ ಆಗಲಿಲ್ಲ. ಪರದೆಯ ಪಕ್ಕದ ಎರಡು ಕಿಟಕಿಗಳ ಬಾಗಿಲು ಹಾಕಿ, ಮುಂದಿನ ಟ್ಯೂಬ್‌ಲೈಟ್ ಒಂದನ್ನು ಆರಿಸಿದೆವು. ಕಪ್ಪು 150ರಿಂದ 30ಕ್ಕೆ ಇಳಿಯಿತು, ಬಿಳಿ 220. ಈಗ ಏಳು ಪಟ್ಟು! ಹಿಂದಿನ ಕಿಟಕಿಗಳು ತೆರೆದೇ ಇದ್ದವು. ಮೇ ತಿಂಗಳ ಸೆಖೆಯಲ್ಲಿ ಎಲ್ಲ ಕಿಟಕಿ ಹಾಕಿದರೆ ಉಳಿತಾಯದ ಮಾತು ಕೇಳಲಿಕ್ಕೆ ಯಾರೂ ಉಳಿಯುವುದಿಲ್ಲ. ಸ್ಲೈಡಿನ ಬಣ್ಣಕ್ಕೂ ಎಳ್ಳುನೀರು ಬಿಟ್ಟೆ. ಬಿಳಿ ಹಿನ್ನೆಲೆ, ಕಪ್ಪು ಅಕ್ಷರ. ತಿರುಗಿಸಿ ಹಾಕಿದರೂ ಲೆಕ್ಕದಲ್ಲಿ ಅದೇ ಏಳು ಪಟ್ಟು ನಿಜ. ಆದರೆ ಎದುರು ಬೆಳಕು ಜಾಸ್ತಿ ಇದ್ದರೆ ಕಣ್ಣಿನ ಪಾಪೆ ಸಣ್ಣದಾಗಿ ಅಕ್ಷರದ ಅಂಚು ಚೂಪಾಗಿ ಕಾಣುತ್ತದೆ. ನಮ್ಮ ಸಭೆಯಲ್ಲಿ ಅರ್ಧಕ್ಕರ್ಧ ಜನ ಕನ್ನಡಕದವರು.

ಇಷ್ಟಾದರೂ ದನ ಧನವಾಗಲಿಲ್ಲ.

ಧ ಮತ್ತು ದ ನಡುವೆ ಇರುವುದು ಹೊಟ್ಟೆಯ ಕೆಳಗಿನ ಒಂದು ಸಣ್ಣ ಸೀಳು. ನಮ್ಮ ಪ್ರೊಜೆಕ್ಟರಿನ ಚಿತ್ರದಲ್ಲಿ ಮೇಲಿನಿಂದ ಕೆಳಗೆ ಇರುವುದೇ 768 ಚುಕ್ಕೆಗಳ ಸಾಲು. ಅದು ಹಳೆ ಟೀವಿಯ ಆಕಾರದ್ದು, ನಾಲ್ಕಕ್ಕೆ ಮೂರು. ನನ್ನ ಸ್ಲೈಡು ಹೊಸ ಕಾಲದ ಅಗಲದ್ದು, ಹದಿನಾರಕ್ಕೆ ಒಂಬತ್ತು. ಹಾಗಾಗಿ ಮೇಲೆ ಕೆಳಗೆ ಪಟ್ಟಿ ಬಿಟ್ಟು, 576 ಸಾಲಿನಲ್ಲೇ ಸಂಸಾರ ಮಾಡಬೇಕಾಯಿತು. ಮೊದಲೇ ಬಡ ಪ್ರೊಜೆಕ್ಟರ್, ಅದರಲ್ಲೂ ಕಾಲು ಭಾಗ ಬೆಳಕು ಖಾಲಿ ಪಟ್ಟಿಗೆ ದಂಡ. ಆ ಲೆಕ್ಕದಲ್ಲಿ 24 ಪಾಯಿಂಟಿನ ಶೀರ್ಷಿಕೆಯಲ್ಲಿ ಧ ಅಕ್ಷರದ ಎತ್ತರ ಹೆಚ್ಚೆಂದರೆ ಹದಿಮೂರು ಚುಕ್ಕೆ. ಸೀಳಿಗೆ ಸಿಕ್ಕಿದ್ದು ಒಂದು. ಎದ್ದು ಕಾಣಲಿ ಎಂದು ನಾನು ಬೋಲ್ಡ್ ಮಾಡಿದ್ದೆ ಬೇರೆ. ಅದೂ ಮುಚ್ಚಿಹೋಯಿತು.

ಒತ್ತಕ್ಷರದ ಕಥೆ ಇನ್ನೂ ಶೋಚನೀಯ. ಪರದೆಯ ಅಗಲ 2.4 ಮೀಟರ್, ಕೊನೆಯ ಬೆಂಚು 15 ಮೀಟರ್ ದೂರ. 18 ಪಾಯಿಂಟಿನ ಸಾಲಿನಲ್ಲಿ ಒತ್ತಕ್ಷರ ಪರದೆಯ ಮೇಲೆ ಸುಮಾರು 11 ಮಿಲಿಮೀಟರ್. ಕಣ್ಣಿನ ಡಾಕ್ಟರು 6 ಮೀಟರಿನಿಂದ ಓದಿಸುವ ಬೋರ್ಡಿನಲ್ಲಿ, ದೃಷ್ಟಿ ಸರಿ ಇದ್ದವರು ಓದುವ ಸಣ್ಣ ಅಕ್ಷರ 9 ಮಿಲಿಮೀಟರ್ ಹತ್ತಿರ ಇರುತ್ತದೆ. 15 ಮೀಟರಿನಿಂದ ಅಷ್ಟೇ ದೊಡ್ಡದಾಗಿ ಕಾಣಬೇಕಾದರೆ 22 ಬೇಕು. ಅಂದರೆ ನಾನು ಊರ ಹಿರಿಯರಿಗೆ ಡಾಕ್ಟರಿಗಿಂತ ಎರಡು ಪಟ್ಟು ಕಷ್ಟದ ಪರೀಕ್ಷೆ ಇಟ್ಟಿದ್ದೆ, ಅದೂ ಪಾಚಿಯ ಮೇಲೆ ಸಾಸಿವೆ ಚೆಲ್ಲಿ. ಇಂಗ್ಲಿಷಿಗೆ ಹೇಳುವ ಪಾಯಿಂಟ್ ಲೆಕ್ಕ ನಮಗೆ ನಡೆಯದೇ ಇರುವುದು ಇಲ್ಲೇ. ಅವರಿಗೆ ಒತ್ತು ಇಲ್ಲ.

ಸ್ಲೈಡಿನ ಅಳತೆಯನ್ನು 4:3ಕ್ಕೆ ಬದಲಿಸಿದೆ. ಸಾಲುಗಳಿಗೆ 36 ಪಾಯಿಂಟ್, ಶೀರ್ಷಿಕೆಗೆ 48. ಒತ್ತು 30 ಮಿಲಿಮೀಟರಿಗೆ ಬಂತು. ಬೋಲ್ಡ್ ತೆಗೆದು, ಸಾಧಾರಣ ದಪ್ಪದ ಫಾಂಟ್ ಹಾಕಿದೆ. ತೀರಾ ತೆಳು ಗೆರೆಯೂ ಆಗದು, ಬೆಳಕಿನಲ್ಲಿ ಕರಗಿ ಹೋಗುತ್ತದೆ. ಒಂದು ಸ್ಲೈಡಿನಲ್ಲಿ ಆರು ಸಾಲು ಹಿಡಿಯಿತು, ಉಳಿದದ್ದನ್ನು ಬಾಯಲ್ಲೇ ಹೇಳಬೇಕು. ಮೊದಲೂ ಬಾಯಲ್ಲೇ ಹೇಳುತ್ತಿದ್ದೆ ಅನ್ನಿ.

ಪ್ರತಿ ಸಲ ಹಾಲಿಗೆ ಓಡುವುದು ಯಾಕೆ ಎಂದು ಪರೀಕ್ಷೆಯನ್ನು ಮನೆಯಲ್ಲೇ ಮಾಡಿದೆ. ಕೊನೆಯ ಬೆಂಚಿನ ದೂರ ಪರದೆಯ ಅಗಲದ ಆರೂಕಾಲು ಪಟ್ಟು. ಲ್ಯಾಪ್‌ಟಾಪಿನಲ್ಲಿ ಸ್ಲೈಡಿನ ಅಗಲ 23 ಸೆಂಟಿಮೀಟರ್. ಹಾಗಾದರೆ ಒಂದೂವರೆ ಮೀಟರ್ ಹಿಂದೆ ನಿಂತು ನೋಡಿದರೆ ಅದೇ ಕೊನೆಯ ಬೆಂಚು. ಕಾಂಟ್ರಾಸ್ಟಿಗೆ ಮಧ್ಯಾಹ್ನದ ಬಿಸಿಲಿಗೆ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟು, ಬ್ರೈಟ್‌ನೆಸ್ ಇಳಿಸಿ, ಕಣ್ಣು ಕಿರಿದು ಮಾಡಿ ನಿಂತೆ. ಹೆಂಡತಿ ಒಳಗಿನಿಂದ ಬಂದು ನೋಡಿದಳು. "ಹಪ್ಪಳ ಒಣಗಿಸುವ ಜಾಗದಲ್ಲಿ ಎಂತದು ಇದು?" ಎಂದಳು. ಅಲ್ಲಿಂದಲೇ ಓದಲು ಹೇಳಿದೆ. "ಮನೆಯ ಧನ" ಎಂದಳು. ಅಷ್ಟು ಸಾಕು ಎಂದು ಲ್ಯಾಪ್‌ಟಾಪ್ ಎತ್ತಿಕೊಂಡೆ.

ಜೂನಿನಲ್ಲಿ ಅದೇ ಉಪನ್ಯಾಸ ಮತ್ತೊಮ್ಮೆ ಇತ್ತು. ಮಳೆ, ಮೋಡ, ಕಿಟಕಿಯ ಚಿಂತೆಯೂ ಇಲ್ಲ. ಅದೇ ಹಿರಿಯರು, ಅದೇ ಕೊನೆಯ ಬೆಂಚು. ಮೊದಲ ಸ್ಲೈಡ್ ಬಂದ ಕೂಡಲೇ ಕೈ ಎತ್ತಿದರು.

"ಕಾಣ್ತದಾ?" ಎಂದು ಕೇಳಿದೆ.

"ಲಾಯ್ಕ ಕಾಣ್ತದೆ ಮಾಷ್ಟ್ರೆ. ನಿರ್ವಹಣೆಯಲ್ಲಿ ವ ದೀರ್ಘ ಆಗಿದೆ."

ನೋಡಿದೆ. 'ನಿರ್ವಾಹಣೆ' ಎಂದೇ ಇತ್ತು, 48 ಪಾಯಿಂಟಿನಲ್ಲಿ. ಹೋದ ಸಲದ ಫೈಲ್ ತೆಗೆದು ನೋಡಿದರೆ ಅದರಲ್ಲೂ ಹಾಗೇ ಇತ್ತು.