ಅಳಲೆಕಾಯಿ ಪಂಡಿತರ ಒಂದು ಚಮಚ

ಆ ವಿಡಿಯೋ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದೇ ಇರುತ್ತದೆ. ಬಿಳಿ ಜುಬ್ಬಾದ ಮಹನೀಯರು ಗಾಜಿನ ಲೋಟ ಎತ್ತಿ ಹಿಡಿದು, "ಮಲಗುವ ಮುಂಚೆ ಒಂದು ಚಮಚ ತ್ರಿಫಲ, ಬೆಳಗ್ಗೆ ಹೊಟ್ಟೆ ಸಾಫು, ಜೀವನಪರ್ಯಂತ ತಗೊಳ್ಳಿ, ಏನೂ ಆಗಲ್ಲ" ಎನ್ನುತ್ತಾರೆ. ಹಿಂದೆ ಕೊಳಲು ನುಡಿಯುತ್ತದೆ. ಕೆಳಗೆ ಫೋನ್ ನಂಬರು. ಕನ್ನಡದಲ್ಲಿ 'ಅಳಲೆಕಾಯಿ ಪಂಡಿತ' ಎಂಬ ಬೈಗುಳ ಬಹಳ ಹಳೆಯದು. ತ್ರಿಫಲದ ಮೂರು ಕಾಯಿಗಳಲ್ಲಿ ಮೊದಲನೆಯದೇ ಅಳಲೆಕಾಯಿ ಎಂದರೆ ನಮ್ಮ ಹಿರಿಯರ ಮುಂದಾಲೋಚನೆಗೆ ಕೈಮುಗಿಯಬೇಕು.

'ಒಂದು ಚಮಚ' ಎಂದರೆ ಎಷ್ಟು? ಪಂಡಿತರು ಹೇಳುವುದಿಲ್ಲ. ಟೀ ಚಮಚವೋ, ಸಾರು ಬಡಿಸುವ ಸೌಟಿನ ತಂಗಿಯೋ? ತಲೆ ಸಮ ಮಾಡಿದ ಟೀ ಚಮಚದಲ್ಲಿ ಸುಮಾರು 3 ಗ್ರಾಂ ಪುಡಿ ಹಿಡಿಯುತ್ತದೆ. ಗೋಪುರ ಕಟ್ಟಿದ ಊಟದ ಚಮಚದಲ್ಲಿ 10 ಗ್ರಾಮಿನ ಆಸುಪಾಸು. ಆಯುರ್ವೇದದ ಅಧಿಕೃತ ಸೂತ್ರಗಳಲ್ಲಿ ಚೂರ್ಣದ ಸಾಮಾನ್ಯ ಪ್ರಮಾಣ 3ರಿಂದ 6 ಗ್ರಾಂ. ಹಾಗಾಗಿ ಒಂದೇ ಉಪದೇಶ ಕೇಳಿದ ಇಬ್ಬರಲ್ಲಿ ಒಬ್ಬರು ಔಷಧ ಕುಡಿದಿರುತ್ತಾರೆ, ಇನ್ನೊಬ್ಬರು ಬೆಳಗಿನ ಜಾವ ಚಪ್ಪಲಿ ಹುಡುಕಿಕೊಂಡು ಓಡುತ್ತಿರುತ್ತಾರೆ.

ಹೊಸದಾಗಿ ತೆಗೆದುಕೊಳ್ಳುವವರು 3 ಗ್ರಾಮಿಗಿಂತ ಹೆಚ್ಚಿಗೆ ಹೋಗಬಾರದು. ರಾತ್ರಿ ಊಟವಾಗಿ ಎರಡು ಗಂಟೆ ಕಳೆದ ಮೇಲೆ, ಮಲಗಲು ಅರ್ಧ ಗಂಟೆ ಇರುವಾಗ, ಒಂದು ಪೂರ್ತಿ ಲೋಟ ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ ಕುಡಿಯಬೇಕು. ನೀರಿಗೆ ಜಿಪುಣತನ ಬೇಡ. ಅಳಲೆ, ತಾರೆ, ನೆಲ್ಲಿ ಮೂರರಲ್ಲೂ ಒಗರು ಜಾಸ್ತಿ, ಒಗರಿನ ಗುಣವೇ ಬಿಗಿಹಿಡಿಯುವುದು. ಎರಡು ಗುಟುಕು ನೀರಿನಲ್ಲಿ ಪುಡಿ ನುಂಗಿದವರಿಗೆ ಮಲ ಇನ್ನಷ್ಟು ಗಟ್ಟಿಯಾಗುವುದುಂಟು. ಆಗ ಅವರು ಮಾಡುವುದೇನು? ಇನ್ನೊಂದು ಚಮಚ.

ಇಲ್ಲೊಂದು ಗುಟ್ಟಿದೆ. ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ನಿಜವಾದ ತ್ರಿಫಲ, ಬೀಜ ತೆಗೆದ ಮೂರು ಕಾಯಿಗಳ ಸಮಪಾಲಿನ ಪುಡಿ, ಬಹಳ ಸೌಮ್ಯ. ಮೊದಲ ರಾತ್ರಿಯೇ ಪವಾಡ ಮಾಡುವ ಜಾಯಮಾನದ್ದಲ್ಲ, ಎರಡು ಮೂರು ದಿನ ಬೇಕಾಗಬಹುದು. ಒಂದೇ ರಾತ್ರಿಯಲ್ಲಿ ಹೊಟ್ಟೆ ನುಲಿದು ಮೂರು ಸಲ ಓಡಿಸಿತೆಂದರೆ ಡಬ್ಬಿ ತಿರುಗಿಸಿ ಸಣ್ಣಕ್ಷರ ಓದಿ. ಮುಂದೆ ಮೂರು ಕಾಯಿಗಳ ಚಿತ್ರ, ಹಿಂದೆ 'ಸೋನಾಮುಖಿ', 'ಸನಾಯ' ಅಥವಾ 'ಸ್ವರ್ಣಪತ್ರಿ' ಎಂದು ಇರುತ್ತದೆ. ಮೂರೂ ಒಂದೇ ಎಲೆ. ಕರುಳನ್ನು ಕೆರಳಿಸಿ ಹಿಂಡುವ ಕೆಲಸ ಅದರದು. ಜೊತೆಗೆ ಸೈಂಧವ ಲವಣವೂ ಇದ್ದರೆ ಬಿಪಿ ಇರುವವರಿಗೆ ಉಪ್ಪಿನ ಲೆಕ್ಕವೂ ಸೇರುತ್ತದೆ. ಕೆಲಸ ಮಾಡಿದ್ದು ಸೋನಾಮುಖಿ, ಹಾರ ಬಿದ್ದದ್ದು ತ್ರಿಫಲದ ಕೊರಳಿಗೆ. ಇದು ನಮಗೆ ಹೊಸತೇ? ಸರ್ಕಾರಿ ಕಚೇರಿಗಳಲ್ಲಿ ನಡೆಯುವುದೂ ಇದೇ.

'ಅಭ್ಯಾಸವಾಗುವುದಿಲ್ಲ' ಎಂದು ಅದೇ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಇರುತ್ತದೆ. ಕೆಳಗೆ 'ಪ್ರತಿದಿನ ಸೇವಿಸಿ' ಎಂದೂ ಇರುತ್ತದೆ. ಪ್ರತಿದಿನ ಮಾಡುವುದಕ್ಕೆ ಅಭ್ಯಾಸ ಎಂದಲ್ಲದೆ ಬೇರೇನು ಹೆಸರೋ, ಪಂಡಿತರೇ ಹೇಳಲಿ.

ಅಭ್ಯಾಸ ಹೇಗೆ ಅಂಟಿಕೊಳ್ಳುತ್ತದೆ ಎಂಬುದು ನಿಜಕ್ಕೂ ಸ್ವಾರಸ್ಯದ ಸಂಗತಿ. ನಿವೃತ್ತ ಮೇಷ್ಟ್ರೊಬ್ಬರನ್ನು ಊಹಿಸಿಕೊಳ್ಳಿ. ಸೋಮವಾರ ರಾತ್ರಿ ಗೋಪುರದ ಚಮಚ ಏರಿಸಿದರು. ಮಂಗಳವಾರ ಬೆಳಗ್ಗೆ ಮೂರು ಸಲ, ಪರಮಾನಂದ. ಆದರೆ ಹೋದದ್ದು ಆ ದಿನದ ಬಾಬತ್ತು ಮಾತ್ರವಲ್ಲ, ದೊಡ್ಡ ಕರುಳಿನಲ್ಲಿ ಮುಂದಿನ ಎರಡು ದಿನಗಳಿಗೆಂದು ಸಾಲುಗಟ್ಟಿ ನಿಂತಿದ್ದದ್ದೂ ಹೋಯಿತು. ಗೋದಾಮು ಖಾಲಿ. ಅದು ಮತ್ತೆ ತುಂಬಲು ಎರಡು ಮೂರು ದಿನ ಬೇಕು. ಬುಧವಾರ ಬೆಳಗ್ಗೆ ಏನೂ ಬರಲಿಲ್ಲ, ಬರುವುದಕ್ಕೆ ಒಳಗೆ ಏನೂ ಇರಲಿಲ್ಲ. ಮೇಷ್ಟ್ರು ಗಾಬರಿಯಾದರು, "ಮತ್ತೆ ಕಟ್ಟಿಕೊಂಡಿತು" ಎಂದು ಬುಧವಾರ ರಾತ್ರಿ ಮತ್ತೊಂದು ಚಮಚ. ಗುರುವಾರ ಬೇಧಿ, ಶುಕ್ರವಾರ ಖಾಲಿ, ಮತ್ತೆ ಚಮಚ. ತಿಂಗಳು ಕಳೆಯುವಷ್ಟರಲ್ಲಿ "ಪುಡಿ ಇಲ್ಲದೆ ನನಗೆ ಆಗುವುದೇ ಇಲ್ಲ" ಎಂಬ ಸಿದ್ಧಾಂತ. ಕರುಳು ತಪ್ಪು ಮಾಡಿಲ್ಲ, ಲೆಕ್ಕ ತಪ್ಪಿದೆ. ಗಣಿತದ ಮೇಷ್ಟ್ರೇ ಆಗಿದ್ದರೂ ಆಶ್ಚರ್ಯವಿಲ್ಲ.

ಅದಕ್ಕೆ ಸರಿಯಾಗಿ, ದಿನಾ ಆಗಲೇಬೇಕೆಂಬ ನಮ್ಮ ರಾಷ್ಟ್ರೀಯ ವ್ರತ. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ, ತಿಣುಕದೆ ಮೆತ್ತಗೆ ಆಗುತ್ತಿದ್ದರೆ ಅದು ಮಲಬದ್ಧತೆಯೇ ಅಲ್ಲ.

"ಕರುಳಿನ ನರವೇ ಸತ್ತುಹೋಗುತ್ತದೆ" ಎಂದು ಹೆದರಿಸುವ ಇನ್ನೊಂದು ಬಣದ ಪಂಡಿತರೂ ಇದ್ದಾರೆ. ಹೇಳಿದ ಪ್ರಮಾಣದಲ್ಲಿ ತಗೊಂಡವರಿಗೆ ಹಾಗಾಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಸೋನಾಮುಖಿಯನ್ನು ತಿಂಗಳುಗಟ್ಟಲೆ ತಗೊಂಡವರ ದೊಡ್ಡ ಕರುಳಿನ ಒಳಪದರ ಕಂದುಗಪ್ಪಾಗುತ್ತದೆ. ಒಳಗೆ ಕ್ಯಾಮೆರಾ ಬಿಟ್ಟು ನೋಡಿದವರು ಬೆಚ್ಚಿಬೀಳುತ್ತಾರೆ, ಆದರೆ ಪುಡಿ ನಿಲ್ಲಿಸಿದ ಕೆಲವು ತಿಂಗಳಲ್ಲಿ ಆ ಬಣ್ಣ ಹೋಗುತ್ತದೆ. ನಿಜವಾದ ತೊಂದರೆ ದಿನಾ ನೀರುನೀರಾಗಿ ಹೋಗುವುದರಲ್ಲಿದೆ. ಮೈಯಿಂದ ಪೊಟ್ಯಾಸಿಯಂ ಸೋರುತ್ತದೆ, ಕಾಲು ಸೋತು ಬರುತ್ತದೆ. ಮೂತ್ರ ಹೋಗಿಸುವ ಬಿಪಿ ಮಾತ್ರೆಯೋ ಹೃದಯದ ಮಾತ್ರೆಯೋ ಜೊತೆಗಿದ್ದರೆ ಎದೆಬಡಿತವೇ ತಾಳ ತಪ್ಪಬಹುದು. ಬಸುರಿಯರಂತೂ ಈ ಪುಡಿಗಳ ಹತ್ತಿರ ಹೋಗಬಾರದು.

ಜೀವನಪರ್ಯಂತ ಎನ್ನುವವರು ಚರಕನ ಹೆಸರು ತೆಗೆಯುತ್ತಾರೆ. ಚರಕಸಂಹಿತೆಯಲ್ಲಿ ತ್ರಿಫಲಾ ರಸಾಯನವನ್ನು ಒಂದು ವರ್ಷ ಸೇವಿಸುವ ಮಾತು ಇರುವುದು ನಿಜ. ಆದರೆ ಅಲ್ಲಿ ಊಟ ಜೀರ್ಣವಾದ ಮೇಲೆ ಅಳಲೆ ಒಂದು, ಊಟಕ್ಕೆ ಮುಂಚೆ ತಾರೆ ಎರಡು, ಊಟದ ನಂತರ ನೆಲ್ಲಿ ನಾಲ್ಕು, ಜೇನು ಮತ್ತು ತುಪ್ಪದ ಜೊತೆ. ಉದ್ದೇಶ ಮುಪ್ಪು ಮುಂದೂಡುವುದು. ರಾತ್ರಿ ಹನ್ನೊಂದಕ್ಕೆ ಬಿರಿಯಾನಿ ಮುಗಿಸಿ ಬೆಳಗ್ಗೆ ಜಾಡಿಸಿಬಿಡುವ ಯೋಜನೆ ಅಲ್ಲಿಲ್ಲ.

ಮಲಬದ್ಧತೆಗೆಂದಾದರೆ ಒಂದರಿಂದ ಎರಡು ವಾರ, ಅಷ್ಟೇ. ಈಗಾಗಲೇ ತಿಂಗಳುಗಟ್ಟಲೆ ಅಂಟಿಕೊಂಡವರು ಒಂದೇ ದಿನ ಬಿಡುವುದು ಬೇಡ. ಒಂದು ವಾರ ಪ್ರಮಾಣ ಅರ್ಧ ಮಾಡಿ, ಮುಂದಿನ ವಾರ ಅದನ್ನೇ ರಾತ್ರಿ ಬಿಟ್ಟು ರಾತ್ರಿ ತಗೊಂಡು, ಆಮೇಲೆ ನಿಲ್ಲಿಸಿ. ತಿಂಡಿ ಕಾಫಿ ಆದ ಅರ್ಧ ಗಂಟೆಯೊಳಗೆ ಕರುಳು ತಾನೇ ಚುರುಕಾಗುತ್ತದೆ, ಆಗ ಹತ್ತು ನಿಮಿಷ ಕೂತುಕೊಳ್ಳಿ. ಕಮೋಡಾದರೆ ಪಾದದ ಕೆಳಗೊಂದು ಗಿಡ್ಡ ಮಣೆ ಇರಲಿ, ಫೋನು ಹೊರಗಿರಲಿ. ನಡುವೆ ಎರಡು ದಿನ ಏನೂ ಆಗದಿದ್ದರೆ ಆಗದಿರಲಿ. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ಮಾತ್ರ ಪುಡಿ ಮುಟ್ಟದೆ ಆಸ್ಪತ್ರೆಗೆ ನಡೆಯಿರಿ.

ಇಷ್ಟು ಹೊತ್ತು ನಗಾಡಿದ್ದಾಯಿತು, ನಗು ಬಾರದ ಮಾತೊಂದಿದೆ. ಐವತ್ತು ದಾಟಿದವರಿಗೆ ಇದ್ದಕ್ಕಿದ್ದಂತೆ ಕಟ್ಟಿಕೊಳ್ಳಲು ಶುರುವಾದರೆ, ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ಅದು ದೊಡ್ಡ ಕರುಳಿನ ಕ್ಯಾನ್ಸರ್ ಇರಬಹುದು. ಅದು ಬೇಗ ಸಿಕ್ಕರೆ ವಾಸಿಯಾಗುವ ಸಾಧ್ಯತೆ ಹೆಚ್ಚು. "ಪೈಲ್ಸ್ ಇರಬೇಕು, ತ್ರಿಫಲ ಮುಂದುವರಿಸಿ" ಎಂದು ಫೋನಿನಲ್ಲೇ ಹೇಳಿ ಮತ್ತೆರಡು ಡಬ್ಬಿ ಕೊರಿಯರ್ ಮಾಡುತ್ತಾರಲ್ಲ, ಆ ಆರು ತಿಂಗಳನ್ನು ಆಮೇಲೆ ಯಾರೂ ವಾಪಸ್ಸು ಕೊಡುವುದಿಲ್ಲ. ಕಬ್ಬಿಣದ ಮಾತ್ರೆಯಿಂದಲೋ, ಟ್ರಮಡಾಲಿನಂಥ ನೋವಿನ ಗುಳಿಗೆಯಿಂದಲೋ, ಥೈರಾಯ್ಡಿನಿಂದಲೋ ಕಟ್ಟಿಕೊಂಡಿರಬಹುದು ಎಂದು ಕೇಳುವ ಒಂದು ನಿಮಿಷದ ಸೌಜನ್ಯವೂ ಅವರಿಗಿಲ್ಲ. ಬಿಲ್ಲು ಮಾತ್ರ ತಪ್ಪದೆ ಬರುತ್ತದೆ, ಜಿಎಸ್‌ಟಿ ಸಮೇತ.