ನಮ್ಮ ಪ್ಲಾನಿನ ಟೀಮ್ ಪುಟ ಮತ್ತು ಮಂಡಿ ಅಣ್ಣ

ಮೂರು ತಿಂಗಳ ಹಿಂದೆ ಬೆಂಗಳೂರಿನ ಒಬ್ಬ ಹೂಡಿಕೆದಾರರಿಗೆ ನಮ್ಮ ಬಿಸಿನೆಸ್ ಪ್ಲಾನ್ ಕಳಿಸಿದ್ದೆ. ಹತ್ತು ದಿನ ಬಿಟ್ಟು ಉತ್ತರ ಬಂತು. ಐಡಿಯಾ ಚೆನ್ನಾಗಿದೆ, ಲೆಕ್ಕ ಪರವಾಗಿಲ್ಲ, ಟೀಮ್ ಭಾಗ ವೀಕ್ ಆಗಿದೆ. ಅಷ್ಟೇ. ಓದಿ ಮೈ ಉರಿದುಹೋಯ್ತು. ಒಂಬತ್ತು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿ ಕೆಲಸ ಬಿಟ್ಟು ಕೋಲಾರಕ್ಕೆ ವಾಪಸ್ ಬಂದವಳು ನಾನು, ನನ್ನನ್ನೇ ವೀಕ್ ಅಂತಾರಲ್ಲ ಅನ್ನಿಸಿತು.

ನಮ್ಮ ಕೆಲಸ ಏನು ಅಂತ ಮೊದಲು ಹೇಳಿಬಿಡ್ತೀನಿ. ಕೋಲಾರ, ಮುಳಬಾಗಿಲು ಕಡೆಯ ರೈತರಿಂದ ಟೊಮೆಟೊ ತಗೊಂಡು, ಆರಿಸಿ, ಬೇರೆ ಬೇರೆ ಮಾಡಿ, ಬೆಂಗಳೂರಿನ ಹೋಟೆಲುಗಳಿಗೆ ಬೆಳಗ್ಗೆ ಆರರ ಒಳಗೆ ಮುಟ್ಟಿಸೋದು. ಕೇಳೋಕೆ ಸುಲಭ. ಆದರೆ 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿದ್ದನ್ನು ನೋಡಿದವರಿಗೂ, ಬೆಲೆ ಬಿದ್ದಾಗ ರಸ್ತೆ ಬದಿಗೆ ಸುರಿದದ್ದನ್ನು ನೋಡಿದವರಿಗೂ ಗೊತ್ತು, ಇದು ಎಂಥಾ ಹಣ್ಣು ಅಂತ.

ಉತ್ತರ ಬಂದ ರಾತ್ರಿಯೇ ಕೂತು ತಿದ್ದಿದೆ. ತಿದ್ದಿದ್ದು ಏನು ಗೊತ್ತಾ? ಒಂದು ಪುಟ ಇದ್ದದ್ದನ್ನು ಮೂರು ಪುಟ ಮಾಡಿದೆ. ನನ್ನ ಡಿಗ್ರಿ, ಸರ್ಟಿಫಿಕೇಟು, ಹಳೇ ಕಂಪನಿಯ ಲೋಗೋ. ಸಲಹೆಗಾರರು ಅಂತ ಐದು ಫೋಟೋ ಆಗಲೇ ಇತ್ತು, ಇನ್ನೆರಡು ಸೇರಿಸಿದೆ. ಬೆಳಗ್ಗೆ ನನ್ನ ಪಾರ್ಟ್ನರ್‌ಗೆ ತೋರಿಸಿದರೆ ಅವಳು ನೋಡಿ, "ಇದು ಮದುವೆ ಬ್ರೋಕರ್‌ಗೆ ಕೊಡೋ ಬಯೋಡೇಟಾ ಥರ ಇದೆ ಕಣೇ" ಅಂದಳು. ನಿಜಾನೇ. ಹೆಸರು ಕತ್ತರಿಸಿ ಇನ್ಯಾವುದೋ ಕಂಪನಿಯ ಪ್ಲಾನಿಗೆ, ಸೀರೆ ಅಂಗಡಿಗೋ ಕೋಚಿಂಗ್ ಸೆಂಟರಿಗೋ ಅಂಟಿಸಿದರೂ ಸರಿಹೋಗುತ್ತಿತ್ತು. ಟೊಮೆಟೊ ಅನ್ನೋ ಪದವೇ ಆ ಮೂರು ಪುಟದಲ್ಲಿ ಇರಲಿಲ್ಲ.

ಆಮೇಲೆ ಧೈರ್ಯ ಮಾಡಿ ಆ ಹೂಡಿಕೆದಾರರಿಗೇ ಫೋನ್ ಮಾಡಿದೆ. ವಾದ ಮಾಡೋಕಲ್ಲ. "ಸರ್, ಟೀಮ್ ಪುಟ ಓದುವಾಗ ನಿಮಗೆ ಯಾವ ಪ್ರಶ್ನೆಗೆ ಉತ್ತರ ಸಿಗಲಿಲ್ಲ?" ಅಂತಷ್ಟೇ ಕೇಳಿದೆ. ಯಾರಿಗಾದರೂ ಇಂಥ ಉತ್ತರ ಬಂದರೆ ತಿದ್ದೋಕೆ ಕೂರುವ ಮೊದಲು ಇದನ್ನೇ ಕೇಳಿ. ವೀಕ್ ಅನ್ನೋ ಒಂದು ಪದಕ್ಕೆ ಹತ್ತು ಅರ್ಥ. ಅನುಭವ ಇಲ್ಲ ಅಂತಲೂ ಇರಬಹುದು, ಬೇಕಾದ ಒಬ್ಬರು ಇಲ್ಲ ಅಂತಲೂ ಇರಬಹುದು, ಎಲ್ಲಾ ಇದ್ದೂ ಬರೆದಿಲ್ಲ ಅಂತಲೂ ಇರಬಹುದು. ಒಂದೊಂದಕ್ಕೂ ಮದ್ದು ಬೇರೆ.

ಅವರು ಮೂರು ಕೇಳಿದರು. ಬೆಳಗಿನ ಜಾವ ಹೋಟೆಲಿನವರು ಲೋಡ್ ವಾಪಸ್ ಕಳಿಸಿದರೆ ಅವತ್ತು ಯಾರು ತೀರ್ಮಾನ ಮಾಡ್ತಾರೆ, ಅವರಿಗೆ ಆ ಯೋಗ್ಯತೆ ಎಲ್ಲಿಂದ ಬಂತು? ಮೂವರು ಫೌಂಡರ್ ಅಂತ ಬರೆದಿದ್ದೀರಿ, ದಿನಪೂರ್ತಿ ಇರೋರು ಎಷ್ಟು ಜನ? ಒಬ್ಬರು ಎಂಟು ತಿಂಗಳಿಗೆ ಬಿಟ್ಟು ಹೋದರೆ ಅವರ ಷೇರು ಏನಾಗುತ್ತೆ?

ಮೊದಲನೇ ಪ್ರಶ್ನೆಗೆ ಉತ್ತರ ನಮ್ಮ ಹತ್ತಿರ ಇತ್ತು, ಪ್ಲಾನಿನಲ್ಲಿ ಇರಲಿಲ್ಲ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ನಾಚಿಕೆ ಆಗುತ್ತೆ.

ನಮ್ಮ ಜೊತೆ ಒಬ್ಬರು ಅಣ್ಣ ಇದ್ದಾರೆ. ಕೋಲಾರದ ಎಪಿಎಂಸಿಯಲ್ಲಿ ಮಂಡಿ ಕೆಲಸ ಮಾಡಿಕೊಂಡೇ ತಲೆ ನೆರೆದವರು. ಏಳನೇ ಕ್ಲಾಸು. ಅಲ್ಲಿನ ಅರ್ಧ ವ್ಯಾಪಾರ ತೆಲುಗಿನಲ್ಲೇ ನಡೆಯೋದು, ಇವರು ಎರಡೂ ಭಾಷೆಯಲ್ಲಿ ಜಗಳ ಆಡಬಲ್ಲರು. ಬಾಕ್ಸಿನ ಮೇಲಿನ ಸಾಲು ನೋಡಲ್ಲ ಅವರು, ಕೈ ಕೆಳಗೆ ಹಾಕಿ ಎರಡು ಹಣ್ಣು ಎತ್ತಿ ತೊಟ್ಟಿನ ಸುತ್ತ ನೋಡ್ತಾರೆ. ಅಲ್ಲಿ ಸಣ್ಣ ಬಿರುಕು ಕಂಡರೆ ಈ ತೋಟಕ್ಕೆ ಮೊನ್ನೆ ಮಳೆ ಬಿದ್ದಿದೆ, ನಾಳೆ ಮಧ್ಯಾಹ್ನದ ತನಕ ತಡೆಯಲ್ಲ ಅಂತಾರೆ. ಗ್ರೇವಿ ಮಾಡೋ ಹೋಟೆಲಿಗೆ ಪೂರ್ತಿ ಕೆಂಪು, ಸಲಾಡ್ ಹೆಚ್ಚೋರಿಗೆ ಗಟ್ಟಿ, ಎರಡು ದಿನ ಇಟ್ಟುಕೊಳ್ಳೋರಿಗೆ ದೋರಗಾಯಿ. ಒಂದೇ ತೋಟದ ಹಣ್ಣನ್ನು ಹೀಗೆ ಮೂರು ಭಾಗ ಮಾಡೋದು ಅವರೇ. ಲೋಡ್ ವಾಪಸ್ ಬಂದರೆ ಮೆತ್ತಗಾದ ಹಣ್ಣನ್ನು ಅವತ್ತೇ ಯಾರು ತಗೋತಾರೆ, ಎಷ್ಟಕ್ಕೆ ಬಿಟ್ಟರೆ ನಷ್ಟ ಕಡಿಮೆ, ಫೋನಿನಲ್ಲೇ ಮುಗಿಸ್ತಾರೆ. ನಾವು ಪ್ರಯೋಗ ಮಾಡಿದ ಮೊದಲ ಎರಡು ವಾರ ಅವರಿರಲಿಲ್ಲ, ನೂರು ಬಾಕ್ಸಿಗೆ ಹದಿನಾಲ್ಕು ವಾಪಸ್ ಬಂತು. ಅವರು ಬಂದ ಮೇಲೆ ಐದಕ್ಕೆ ಇಳಿಯಿತು.

ಇಂಥವರನ್ನು ಟೀಮ್ ಪುಟದಲ್ಲಿ ಹಾಕಿರಲಿಲ್ಲ ನಾನು. ಡಿಗ್ರಿ ಇಲ್ಲವಲ್ಲ, ಏನಂತ ಬರೆಯೋದು ಅಂತ. ಖರ್ಚಿನ ಪಟ್ಟಿಯಲ್ಲಿ "ಕೆಲಸದವರು" ಅನ್ನೋ ಸಾಲಿನಲ್ಲಿ ಮೂಟೆ ಹೊರೋರ ಜೊತೆ ಸೇರಿಸಿಬಿಟ್ಟಿದ್ದೆ. ನಮ್ಮ ಸಾಫ್ಟ್‌ವೇರಿಗೆ ಎರಡು ಪುಟ, ನಷ್ಟ ತಪ್ಪಿಸೋ ಮನುಷ್ಯನಿಗೆ ಅರ್ಧ ಸಾಲು.

ಹಾಗಾಗಿ ಪುಟವನ್ನು ಉಲ್ಟಾ ಬರೆದೆವು. ಮೊದಲು ಜನ ಅಲ್ಲ, ಈ ಧಂದೆ ಎಲ್ಲೆಲ್ಲಿ ಮುರಿದು ಬೀಳಬಹುದು ಅಂತ ಬರೆದುಕೊಂಡೆವು. ಹಣ್ಣಿನ ಗುಣಮಟ್ಟ, ಹೋಟೆಲಿನವರು ದುಡ್ಡು ತಡ ಮಾಡೋದು, ಬೆಳಗಿನ ಗಾಡಿ. ಒಂದೊಂದರ ಎದುರು ಯಾರು, ಅವರು ಇದನ್ನು ಮೊದಲು ಎಲ್ಲಿ ಮಾಡಿದ್ದಾರೆ, ಅಷ್ಟೇ. ನನ್ನ ಪಾರ್ಟ್ನರ್ ಹೆಸರಿನ ಕೆಳಗೆ "ಮಾರುಕಟ್ಟೆ ತಜ್ಞೆ" ಅಂತ ಇತ್ತು. ಅದನ್ನು ಕಿತ್ತು, ಮಸಾಲೆ ಕಂಪನಿಯಲ್ಲಿ ಆರು ವರ್ಷ ಹೋಟೆಲುಗಳಿಗೆ ಮಾರಿದ್ದಾಳೆ, ಬಾಕಿ ವಸೂಲಿ ಅವಳ ಕೆಲಸವೇ ಆಗಿತ್ತು ಅಂತ ಹಾಕಿದೆವು. ನನ್ನದು ಎರಡೇ ಸಾಲು ಉಳಿಯಿತು. ಗಾಡಿ ಮತ್ತು ಆರ್ಡರ್ ಲೆಕ್ಕ. ಪರವಾಗಿಲ್ಲ.

ಎರಡನೇ ಪ್ರಶ್ನೆ ಮನೆಯೊಳಗಿನದು. ಮೂರನೇ ಫೌಂಡರ್ ನಮ್ಮ ಭಾವ. ಬ್ಯಾಂಕಿನ ಕೆಲಸ, ಭಾನುವಾರ ಮಾತ್ರ ಸಿಗ್ತಾರೆ, ಶುರುವಿನಲ್ಲಿ ಮೂರು ಲಕ್ಷ ಕೊಟ್ಟಿದ್ದರು, ಹೆಸರಿನಲ್ಲಿ 30% ಷೇರು. ಹೂಡಿಕೆದಾರರಿಗೆ ಇದು ಕಾಣೋದು ಹೇಗೆ ಅಂದರೆ, ಕಂಪನಿಯ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಕೆಲಸಕ್ಕೇ ಬರದವರ ಕೈಲಿದೆ, ಮುಂದೆ ಒಳ್ಳೆಯವರನ್ನು ಸೇರಿಸಿಕೊಳ್ಳೋಕೆ ಕೊಡಲು ಏನೂ ಉಳಿದಿಲ್ಲ. ಅಕ್ಕನ ಮನೆಗೆ ಹೋಗಿ ಊಟ ಎಲ್ಲಾ ಆದ ಮೇಲೆ, "ಭಾವ, ನೀವು ಕೆಲಸ ಬಿಟ್ಟು ಬರ್ತೀರಾ, ಇಲ್ವಾ, ನೇರವಾಗಿ ಹೇಳಿಬಿಡಿ" ಅಂದೆ. ಸ್ವಲ್ಪ ಹೊತ್ತು ಟಿವಿ ನೋಡಿದರು. "ಲೋನ್ ಇದೆಯಲ್ಲಮ್ಮ, ಇನ್ನೂ ಏಳು ವರ್ಷ" ಅಂದರು. ಅಕ್ಕ ಒಂದು ವಾರ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಕೊನೆಗೆ ಅವರ ಮೂರು ಲಕ್ಷಕ್ಕೆ 5% ಅಂತ ಆಯ್ತು, ಫೌಂಡರ್ ಅನ್ನೋ ಪದ ತೆಗೆದು ಷೇರುದಾರ ಅಂತ ಹಾಕಿದೆವು. ಪುಟದಲ್ಲಿ ಮೂವರು ಇದ್ದದ್ದು ಇಬ್ಬರಾಯ್ತು. ಜನ ಕಡಿಮೆಯಾದರೆ ಟೀಮ್ ಇನ್ನೂ ವೀಕ್ ಆಗಲ್ವಾ ಅಂತ ನನಗೂ ಭಯ ಇತ್ತು.

ಮೂರನೆಯದಕ್ಕೆ ವೆಸ್ಟಿಂಗ್ ಹಾಕಿದೆವು. ಸುಲಭವಾಗಿ ಹೇಳಿದರೆ, ಷೇರು ಹೆಸರಿಗೆ ಇದ್ದರೂ ದುಡಿದು ಗಳಿಸಬೇಕು. ನಾಲ್ಕು ವರ್ಷದ ಲೆಕ್ಕ. ಮೊದಲ ವರ್ಷ ತುಂಬೋ ತನಕ ಏನೂ ಇಲ್ಲ, ತುಂಬಿದ ದಿನ ಕಾಲು ಭಾಗ, ಆಮೇಲೆ ತಿಂಗಳು ತಿಂಗಳಿಗೆ ಸ್ವಲ್ಪ ಸ್ವಲ್ಪ. ಎಂಟು ತಿಂಗಳಿಗೆ ನಾನೇ ಬಿಟ್ಟು ಹೋದರೂ ಬರಿಗೈ. ಪಾರ್ಟ್ನರೂ ನಾನೂ ಇಪ್ಪತ್ತು ವರ್ಷದ ಗೆಳತಿಯರು, ಇದನ್ನು ಬರೆಯುವಾಗ ಇಬ್ಬರಿಗೂ ಒಂಥರಾ ಆಯ್ತು.

ಅಣ್ಣನಿಗೆ 4% ಇಡಬೇಕು ಅಂತ ಹೊರಟಾಗ ಒಂದು ವಿಷಯ ಕಲಿತೆ. ಈಸಾಪ್, ಅಂದರೆ ಮುಂದೆ ಷೇರು ಕೊಡುವ ಒಪ್ಪಂದ, ಪ್ರೈವೇಟ್ ಲಿಮಿಟೆಡ್‌ನಲ್ಲಿ ನೌಕರರಿಗೆ, ನಿರ್ದೇಶಕರಿಗೆ ಕೊಡಬಹುದೇ ಹೊರತು ಹೊರಗಿನ ಸಲಹೆಗಾರರಿಗೆ ಅಲ್ಲ. 2014ರ ಷೇರು ಬಂಡವಾಳ ನಿಯಮಗಳು ಹಾಗೆ ಹೇಳುತ್ತವೆ. ಒಪ್ಪಂದ ಕೊಟ್ಟು ಕನಿಷ್ಠ ಒಂದು ವರ್ಷ ಕಳೆಯದೆ ಷೇರಿನ ಹಕ್ಕು ಬರಲ್ಲ ಅಂತಲೂ ಇದೆ. ಹಾಗಾಗಿ ಅಣ್ಣನನ್ನು ದಿನಗೂಲಿ ಥರ ಇಟ್ಟುಕೊಂಡು ಪುಟದಲ್ಲಿ ಮೆರೆಸೋಕಾಗಲ್ಲ, ಪಕ್ಕಾ ಸಂಬಳಕ್ಕೆ ತಗೋಬೇಕು. ಅದೇ ನಿಯಮ ನಮ್ಮ ಏಳು ಫೋಟೋಗಳ ಬಣ್ಣವನ್ನೂ ಬಯಲು ಮಾಡಿತು. ಸಲಹೆಗಾರರಿಗೆ ಏನು ಕೊಡ್ತೀರಿ ಅಂತ ಆಡಿಟರ್ ಕೇಳಿದರು. ಏನೂ ಇಲ್ಲ. ಅವರು ಏನು ಮಾಡ್ತಾರೆ? ಅದೂ ಏನಿಲ್ಲ. ಅದರಲ್ಲಿ ಇಬ್ಬರಿಗಂತೂ ತಮ್ಮ ಫೋಟೋ ಅಲ್ಲಿದೆ ಅಂತಲೇ ಗೊತ್ತಿರಲಿಲ್ಲ! ಆರು ಫೋಟೋ ತೆಗೆದೆವು. ತೋಟಗಾರಿಕೆ ಇಲಾಖೆಯಿಂದ ರಿಟೈರ್ ಆದ ಒಬ್ಬರು ಉಳಿದರು, ತಿಂಗಳಿಗೊಮ್ಮೆ ನಮ್ಮ ರೈತರ ಜೊತೆ ಕೂತು ಔಷಧಿ ಹೊಡೆಯೋ ಲೆಕ್ಕ ನೋಡ್ತಾರೆ, ಹಾಗೇ ಬರೆದೆವು.

ಜನ ಬದಲಾದ ಮೇಲೆ ಹಣದ ಪುಟ ಹಾಗೇ ಇರೋಕಾಗಲ್ಲ, ಇಲ್ಲಿ ತುಂಬಾ ಜನ ಎಡವುತ್ತಾರೆ. ಟೀಮ್ ಪುಟದಲ್ಲಿ ಹೊಸ ಹೆಸರು, ಲೆಕ್ಕದಲ್ಲಿ ಹಳೇ ಸಂಬಳ. ಓದೋರು ಮೊದಲು ಹುಡುಕೋದೇ ಅದನ್ನು. ನಾವು ನಮ್ಮ ಸಂಬಳ ಸೊನ್ನೆ ಅಂತ ಹಾಕಿದ್ದೆವು, ತ್ಯಾಗ ಅಂತ ಕಾಣಲಿ ಅಂತ. "ನೀವು ಊಟ ಮಾಡಲ್ವಾ?" ಅಂದರು ಹೂಡಿಕೆದಾರರು. ಈಗ ನಮಗೆ ತಿಂಗಳಿಗೆ ತಲಾ 40,000, ಅಣ್ಣನಿಗೆ 35,000. ಹದಿನೆಂಟು ತಿಂಗಳಿಗೆ 20 ಲಕ್ಷದ 70 ಸಾವಿರ ಜಾಸ್ತಿ ಆಯ್ತು. ಕೇಳಿದ್ದು ಅರವತ್ತು ಲಕ್ಷ, ಅದನ್ನು ಏರಿಸಲಿಲ್ಲ. ಎರಡು ಗಾಡಿ ಕೊಳ್ಳೋದು ಬಿಟ್ಟು ಬಾಡಿಗೆ ಗಾಡಿಗೆ ಮುಂಗಡ ಅಂತ ಮಾಡಿದಾಗ 12 ಲಕ್ಷ ಉಳಿಯಿತು, ಸಾಫ್ಟ್‌ವೇರ್ ಖರ್ಚಲ್ಲಿ 9 ಲಕ್ಷ ಕಡಿದೆವು. ಬಾಡಿಗೆಯಿಂದ ಬಾಕ್ಸಿಗೆ 8 ರೂಪಾಯಿ ಜಾಸ್ತಿ ಬೀಳುತ್ತೆ, ಅದನ್ನೂ ಮುಚ್ಚಿಡದೆ ಬರೆದೆವು. ಸಾಫ್ಟ್‌ವೇರ್ ಕಡಿಯುವಾಗ ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ.

ಕೊನೆಗೆ ಇನ್ನೂ ಯಾರಿಲ್ಲ ಅನ್ನೋದನ್ನೂ ಬರೆದೆವು. ಲೆಕ್ಕಪತ್ರ ನೋಡೋರು ಇಲ್ಲ, ಆರನೇ ತಿಂಗಳಿಗೆ ತಗೋತೀವಿ, ಅಲ್ಲಿ ತನಕ ಹೊರಗಿನ ಆಡಿಟರ್. ಖಾಲಿ ಜಾಗ ತೋರಿಸಿದರೆ ಮರ್ಯಾದೆ ಹೋಗುತ್ತೆ ಅಂದುಕೊಂಡಿದ್ದೆ. ಅದರ ಬಗ್ಗೆ ಅವರು ಒಂದೂ ಪ್ರಶ್ನೆ ಕೇಳಲಿಲ್ಲ.

ಹೋದ ವಾರ ಎರಡನೇ ಮೀಟಿಂಗ್ ಆಯ್ತು. ಅವರು ನಮ್ಮ ಇಬ್ಬರು ಹೋಟೆಲ್ ಗಿರಾಕಿಗಳಿಗೆ ಮೊದಲೇ ಫೋನ್ ಮಾಡಿದ್ದರು. ಮೊದಲ ಎರಡು ವಾರ ಮಾಲು ಸರಿ ಇರಲಿಲ್ಲ ಅಂತ ಒಬ್ಬರು ಹೇಳಿಯೇಬಿಟ್ಟಿದ್ದಾರೆ. ಪ್ಲಾನಿನಲ್ಲೂ ಅದೇ ಇದ್ದದ್ದರಿಂದ ಬಚಾವಾದೆವು. ಆಮೇಲೆ, ಅಣ್ಣನಿಗೆ ಹುಷಾರಿಲ್ಲದಿದ್ದರೆ ಏನ್ಮಾಡ್ತೀರಿ ಅಂದರು. ಇಬ್ಬರು ಹುಡುಗರು ಅವರ ಕೈಕೆಳಗೆ ಕಲೀತಿದ್ದಾರೆ, ಇನ್ನೂ ಒಂದು ಸೀಸನ್ ಬೇಕು ಅಂದೆ. ಬರೆದುಕೊಂಡರು. ದುಡ್ಡಿನ ಬಗ್ಗೆ ಇನ್ನೂ ಹೌದೂ ಅಂದಿಲ್ಲ, ಇಲ್ಲಾ ಅಂದಿಲ್ಲ.

ಮೀಟಿಂಗಿಗೆ ಮುಂಚೆ ಅಣ್ಣನಿಗೆ ಅವರ ಬಗ್ಗೆ ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿದ್ದೆ, ಹೆಸರು ಹಾಕೋದಕ್ಕೆ ಒಪ್ಪಿಗೆ ಬೇಕಲ್ಲ. ಕಣ್ಣು ಮುಚ್ಚಿ ಕೇಳಿಸಿಕೊಂಡರು. "ಟೊಮೆಟೊ ಮಂಡಿಯಲ್ಲಿ ಇಪ್ಪತ್ತೇಳು ವರ್ಷ" ಅನ್ನೋ ಕಡೆ ತಡೆದರು.

"ಇಪ್ಪತ್ತಾರು ಅಂತ ಹಾಕಮ್ಮ. ಒಂದು ವರ್ಷ ಶ್ರೀನಿವಾಸಪುರದಲ್ಲಿ ಮಾವಿನ ಮಂಡಿಲಿ ಇದ್ದೆ."